ಎರಿ ಮಣ್ಣಿನ ಊರಲ್ಲಿ ಕುಂಡದ ಕರಿಬೇವು: ನೆಡುವುದರಿಂದ ಸವರುವವರೆಗೆ

ವಿಜಯಪುರದ ಕಡೆ ಕುಂಡದಲ್ಲಿ ಕರಿಬೇವು ಬೆಳೆಸಿದವರು ಹೆಚ್ಚಾಗಿ ಹೇಳುವುದು ಒಂದೇ ಮಾತು. ಗಿಡ ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಒಂದು ಉದ್ದ ಕಡ್ಡಿ, ಅದರ ತುದಿಯಲ್ಲಿ ನಾಲ್ಕು ಹಳದಿ ಎಲೆ. ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಎರಡು ಕಾರಣ. ಮೊದಲನೆಯದು ನಮ್ಮ ಮಣ್ಣು ಮತ್ತು ಬೋರ್ ನೀರಿನಲ್ಲಿರುವ ಸುಣ್ಣ. ಎರಡನೆಯದು ನಾವು ಎಲೆ ಕೀಳುವ ರೀತಿ. ಈ ಎರಡನ್ನು ಸರಿ ಮಾಡಿಕೊಂಡರೆ ಉಳಿದ ಕೆಲಸ ಕಷ್ಟದ್ದಲ್ಲ. ಹಾಗಾಗಿ ಇಲ್ಲಿ ಅವೆರಡಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಸಸಿ ಮತ್ತು ಕುಂಡ

ಸಸಿಯನ್ನು ನರ್ಸರಿಯಿಂದ ತರುವುದೇ ಸುಲಭ. ಕೊಳ್ಳುವಾಗ ಎತ್ತರ ನೋಡಬೇಡಿ, ಬುಡ ನೋಡಿ. ಪೆನ್ಸಿಲ್ ದಪ್ಪದ ಕಾಂಡ ಇದ್ದು ತುದಿಯಲ್ಲಿ ಹೊಸ ಚಿಗುರು ಇದ್ದರೆ ಸಾಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಡಿಡಬ್ಲ್ಯುಡಿ-1 ಮತ್ತು ಡಿಡಬ್ಲ್ಯುಡಿ-2 ಎಂಬ ಎರಡು ತಳಿಗಳಿವೆ. ಡಿಡಬ್ಲ್ಯುಡಿ-1ಕ್ಕೆ ಸುವಾಸಿನಿ ಎಂಬ ಹೆಸರೂ ಇದೆ. ಅದರ ಎಲೆಯಲ್ಲಿ ಎಣ್ಣೆಯ ಅಂಶ ಹೆಚ್ಚು, ಆದರೆ ಚಳಿಗಾಲದಲ್ಲಿ ಚಿಗುರು ಕಡಿಮೆ. ಡಿಡಬ್ಲ್ಯುಡಿ-2 ಚಳಿಗೆ ಅಷ್ಟಾಗಿ ಅಂಜುವುದಿಲ್ಲ. ಡಿಸೆಂಬರ್, ಜನವರಿಯಲ್ಲೂ ಒಗ್ಗರಣೆಗೆ ಎಲೆ ಬೇಕು ಅನ್ನುವವರು ಇದನ್ನೇ ಕೇಳಿ ನೋಡಿ.

ನೆಂಟರ ಹಿತ್ತಲಲ್ಲಿ ದೊಡ್ಡ ಗಿಡ ಇದ್ದರೆ ಅದರ ಬೇರಿನಿಂದ ಎದ್ದ ಮರಿಗಿಡವನ್ನೂ ತರಬಹುದು. ಮಳೆಗಾಲದಲ್ಲಿ ಮರಿಗಿಡವನ್ನು ಸ್ವಂತ ಬೇರು ಸಹಿತ ಅಗೆದು ತೆಗೆಯಿರಿ. ಬೀಜದಿಂದ ಮಾಡುವುದಾದರೆ ಗಿಡದಲ್ಲೇ ಕಪ್ಪಾದ ಹಣ್ಣು ಬೇಕು. ತಿರುಳು ತೊಳೆದು ಕೆಲವೇ ದಿನಗಳಲ್ಲಿ ಬಿತ್ತಿ. ಒಣಗಿಸಿ ಇಟ್ಟ ಬೀಜ ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತದೆ.

ಕೊನೆಗೆ ಗಿಡ ನಿಲ್ಲಬೇಕಾದ ಕುಂಡ 18 ಇಂಚು ಅಗಲ, 18 ಇಂಚು ಆಳದ್ದು ಇರಲಿ. ಅರ್ಧಕ್ಕೆ ಕತ್ತರಿಸಿದ ಪ್ಲಾಸ್ಟಿಕ್ ಡ್ರಮ್ ಆದರೂ ನಡೆಯುತ್ತದೆ. ಆದರೆ ಗೇಣುದ್ದದ ಸಸಿಯನ್ನು ನೇರವಾಗಿ ಅದರಲ್ಲಿ ನೆಡಬೇಡಿ. ಸಣ್ಣ ಬೇರು ಅಷ್ಟು ಮಣ್ಣಿನ ನೀರನ್ನು ಎಳೆದುಕೊಳ್ಳಲಾರದು. ಮಣ್ಣು ವಾರಗಟ್ಟಲೆ ಹಸಿಯಾಗಿಯೇ ಇದ್ದು ಬೇರು ಕೊಳೆಯುತ್ತದೆ. ಮೊದಲ ವರ್ಷ 10 ಅಥವಾ 12 ಇಂಚಿನ ಕುಂಡದಲ್ಲಿ ಬೆಳೆಸಿ, ಮುಂದಿನ ಮುಂಗಾರಿಗೆ ದೊಡ್ಡದಕ್ಕೆ ಬದಲಾಯಿಸಿ. ಎರಡಡಿ ಎತ್ತರದ ಸಸಿ ಸಿಕ್ಕರೆ ನೇರವಾಗಿ ದೊಡ್ಡ ಕುಂಡಕ್ಕೇ ಹಾಕಬಹುದು.

ಇಷ್ಟು ದೊಡ್ಡ ಕುಂಡ ಮಣ್ಣು, ನೀರು ಸೇರಿ 80 ರಿಂದ 100 ಕಿಲೋ ತೂಗುತ್ತದೆ. ಆರ್‌ಸಿಸಿ ಮನೆಯಾದರೆ ಮಾಳಿಗೆಯ ನಡುವೆ ಬೇಡ, ಕೆಳಗೆ ಗೋಡೆ ಅಥವಾ ಬೀಮ್ ಇರುವ ಕಡೆ ಇಡಿ. ಹಳೆಯ ಮಣ್ಣಿನ ಮಾಳಿಗೆಯ ಮೇಲಂತೂ ಇಡಲೇಬೇಡಿ. ಭಾರ ಒಂದು ಕಡೆ, ದಿನಾ ಇಂಗುವ ನೀರು ಇನ್ನೊಂದು ಕಡೆ. ಅಂಥ ಮನೆಯಲ್ಲಿ ಅಂಗಳವೇ ಇದರ ಜಾಗ.

ಕುಂಡದ ತಳಕ್ಕೆ ಹೆಬ್ಬೆರಳು ಹೋಗುವಷ್ಟು ದೊಡ್ಡ ತೂತು ಐದಾರು ಬೇಕು. ಪ್ರತಿ ತೂತಿನ ಮೇಲೆ ಒಂದೊಂದು ಹೆಂಚಿನ ಚೂರನ್ನು ಬೋರಲು ಇಡಿ. ತಳದಲ್ಲಿ ಕಡಿ ಅಥವಾ ಜಲ್ಲಿಯ ದಪ್ಪ ಪದರ ಹಾಕುವ ರೂಢಿ ಇದೆ, ಅದರಿಂದ ಉಪಯೋಗವಿಲ್ಲ. ನೀರು ಮಣ್ಣಿನಿಂದ ಜಲ್ಲಿಗೆ ಸುಲಭವಾಗಿ ಇಳಿಯದೆ ಅದರ ಮೇಲಿನ ಮಣ್ಣಲ್ಲೇ ನಿಲ್ಲುತ್ತದೆ. ಬೇರಿಗೆ ಸಿಗುವ ಒಳ್ಳೆಯ ಜಾಗ ಅಷ್ಟು ಕಡಿಮೆಯಾಗುತ್ತದೆ.

ಎರಿ ಮಣ್ಣು ಯಾಕೆ ಬೇಡ

ಹೊಲದಲ್ಲಿ ಎರಿ ಮಣ್ಣು ಬಂಗಾರ. ಹಿಂಗಾರಿ ಜೋಳ, ಕಡಲೆ ಬರುವುದೇ ಅದು ಹಿಡಿದಿಟ್ಟ ತೇವದ ಮೇಲೆ. ಕುಂಡದಲ್ಲಿ ಅದೇ ಗುಣ ತಿರುಗಿ ಬೀಳುತ್ತದೆ. ನೀರು ಕುಡಿದರೆ ಉಬ್ಬಿ ಗಾಳಿ ಆಡದಂತೆ ಬಿಗಿಯಾಗುತ್ತದೆ. ಒಣಗಿದರೆ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಎಷ್ಟು ನೀರು ಹಾಕಿದರೂ ಆ ಸಂದಿಯಿಂದ ಸರ್ರನೆ ಕೆಳಗೆ ಹೋಗುತ್ತದೆ, ನಡುವಿನ ಗಡ್ಡೆ ಒಣಗಿಯೇ ಇರುತ್ತದೆ. ಕೆಳಗೆ ನೀರು ಹರಿದದ್ದು ಕಂಡು ಗಿಡ ಕುಡಿಯಿತು ಅಂದುಕೊಳ್ಳುತ್ತೇವೆ. ಗಿಡ ಮಾತ್ರ ಬಾಯಾರಿ ನಿಂತಿರುತ್ತದೆ.

ಇನ್ನೊಂದು ತೊಂದರೆ ಕಣ್ಣಿಗೆ ಬೇಗ ಕಾಣುವುದಿಲ್ಲ. ನಮ್ಮ ಎರಿ ಮಣ್ಣಿನಲ್ಲಿ ಸುಣ್ಣದ ಹರಳು ಇರುತ್ತದೆ. ಒಂದು ಚಮಚ ಒಣ ಮಣ್ಣಿನ ಮೇಲೆ ಸ್ವಲ್ಪ ವಿನೆಗರ್ ಹಾಕಿ ನೋಡಿ. ಬುಸುಬುಸು ನೊರೆ ಬಂದರೆ ಸುಣ್ಣ ಇದೆ ಎಂದರ್ಥ. ಸುಣ್ಣ ಹೆಚ್ಚಾದ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವ ರೂಪದಲ್ಲಿ ಇರುವುದಿಲ್ಲ. ಕಬ್ಬಿಣ ಸಿಗದಿದ್ದರೆ ಎಲೆ ಹಸಿರಾಗಲಾರದು. ಹಳದಿ ಚಿಗುರಿನ ಮೂಲ ಇದೇ.

ಆದ್ದರಿಂದ ಕುಂಡಕ್ಕೆ ಕೆಂಪು ಮಣ್ಣು ತರಿಸಿ. ನರ್ಸರಿಗಳಲ್ಲಿ ಚೀಲದ ಲೆಕ್ಕದಲ್ಲಿ ಕೊಡುತ್ತಾರೆ. ಅದಕ್ಕೂ ವಿನೆಗರ್ ಪರೀಕ್ಷೆ ಮಾಡಿಯೇ ತನ್ನಿ. ಅಳತೆಗೆ ಯಾವುದಾದರೂ ಒಂದು ಬುಟ್ಟಿ ಇಟ್ಟುಕೊಳ್ಳಿ. ಕೆಂಪು ಮಣ್ಣು ನಾಲ್ಕು ಬುಟ್ಟಿ, ಹಳೆಯ ತಿಪ್ಪೆ ಗೊಬ್ಬರ ಮೂರು, ದಪ್ಪ ಉಸುಕು ಎರಡು, ಕೋಕೋಪೀಟ್ ಒಂದು. ಇದಕ್ಕೆ ಎರಡು ಹಿಡಿ ಬೇವಿನ ಹಿಂಡಿ ಸೇರಿಸಿ ಚೆನ್ನಾಗಿ ಕಲಸಿ.

ಗೊಬ್ಬರ ಪೂರ್ತಿ ಕೊಳೆತು ಪುಡಿಯಾಗಿರಬೇಕು. ಸಗಣಿಯ ವಾಸನೆಯಾಗಲಿ ಬಿಸಿಯಾಗಲಿ ಇದ್ದರೆ ಇನ್ನೂ ಹಸಿ ಎಂದೇ ಲೆಕ್ಕ, ಬೇರು ಸುಟ್ಟೀತು. ಎಂ-ಸ್ಯಾಂಡ್ ಬಳಸುವುದಾದರೆ ಅದರ ಬೂದಿಯಂಥ ಪುಡಿಯನ್ನು ತೊಳೆದು ತೆಗೆಯಿರಿ. ಕಟ್ಟಡದ ಬಳಿ ಬಿದ್ದ, ಸಿಮೆಂಟ್ ಬೆರೆತ ಉಸುಕು ಬೇಡ. ಅದರಲ್ಲೂ ಸುಣ್ಣವೇ ಇರುತ್ತದೆ. ಕೋಕೋಪೀಟ್‌ನಲ್ಲಿ ಉಪ್ಪಿರಬಹುದು, ನೆನೆಸಿ ಒಂದೆರಡು ಸಲ ಹಿಂಡಿ ಹಾಕಿ.

ಮಿಶ್ರಣ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಹಿಡಿ ಒದ್ದೆ ಮಾಡಿ ಮುಷ್ಟಿಯಲ್ಲಿ ಒತ್ತಿ. ಉಂಡೆಯಾಗಬೇಕು, ಬೆರಳಿಂದ ತಟ್ಟಿದರೆ ಒಡೆಯಬೇಕು. ಒಡೆಯದಿದ್ದರೆ ಇನ್ನೊಂದು ಬುಟ್ಟಿ ಉಸುಕು ಸೇರಿಸಿ.

ನೆಡುವಾಗ ಸಸಿಯ ಮಣ್ಣಿನ ಗಡ್ಡೆ ಒಡೆಯದಂತೆ ಚೀಲ ಕತ್ತರಿಸಿ. ಚೀಲದಲ್ಲಿ ಎಷ್ಟು ಆಳ ಇತ್ತೋ ಕುಂಡದಲ್ಲೂ ಅಷ್ಟೇ ಇರಲಿ. ಮೇಲೆ ಎರಡು ಇಂಚು ಖಾಲಿ ಬಿಡಿ. ನೀರು ಅಲ್ಲಿ ನಿಂತು ನಿಧಾನಕ್ಕೆ ಇಳಿಯಬೇಕು. ಜೂನ್, ಜುಲೈ ನೆಡಲು ಒಳ್ಳೆಯ ಕಾಲ.

ಬಿಸಿಲು: ಎಲೆಗಿಂತ ಬೇರಿನ ಚಿಂತೆ ಮಾಡಿ

ಕರಿಬೇವಿಗೆ ದಿನಕ್ಕೆ ಆರು ತಾಸು ನೇರ ಬಿಸಿಲು ಬೇಕು. ನೆರಳಿನಲ್ಲಿ ಇಟ್ಟರೆ ಕಾಂಡ ಸೊರಗಿ ಉದ್ದ ಬೆಳೆಯುತ್ತದೆ, ಎಲೆಯ ಪರಿಮಳವೂ ಇಳಿಯುತ್ತದೆ. ಜೂನ್‌ನಿಂದ ಫೆಬ್ರವರಿವರೆಗೆ ಬಯಲಲ್ಲೇ ಇರಲಿ.

ಏಪ್ರಿಲ್, ಮೇ ಬೇರೆಯೇ ಮಾತು. ಬಿಸಿಲು 40 ಡಿಗ್ರಿ ದಾಟುತ್ತದೆ. ಬೇರೂರಿದ ಗಿಡದ ಎಲೆ ಅದನ್ನು ತಡೆಯುತ್ತದೆ, ಕುಂಡದೊಳಗಿನ ಬೇರು ತಡೆಯುವುದಿಲ್ಲ. ನೆಲದಲ್ಲಿದ್ದರೆ ಬೇರು ತಂಪಿನಲ್ಲಿರುತ್ತಿತ್ತು. ಇಲ್ಲಿ ಕುಂಡದ ಗೋಡೆ ಕಾದು, ಅದಕ್ಕೆ ತಾಗಿದ ಎಳೆಯ ಬೇರುಗಳು ಬೇಯುತ್ತವೆ. ಕಪ್ಪು ಪ್ಲಾಸ್ಟಿಕ್ ಆದರೆ ಇನ್ನೂ ಜಾಸ್ತಿ. ಮಧ್ಯಾಹ್ನ ಮೂರಕ್ಕೆ ಕುಂಡದ ಪಡುವಣ ಬದಿಯನ್ನು ಮುಟ್ಟಿ ನೋಡಿ. ಕೈ ಇಟ್ಟುಕೊಳ್ಳಲು ಆಗದಿದ್ದರೆ ಬೇರಿಗೂ ಆಗುತ್ತಿಲ್ಲ.

ಹಾಗಾಗಿ ಮಾರ್ಚ್ ಕೊನೆಗೆ ಕುಂಡವನ್ನು ಇಟ್ಟಿಗೆಯ ಮೇಲೆ ಎತ್ತಿ ಇಡಿ. ಸುತ್ತ ಗೋಣಿ ಚೀಲ ಕಟ್ಟಿ. ಮಣ್ಣಿನ ಮೇಲೆ ಎರಡು ಇಂಚು ಶೇಂಗಾ ಹೊಟ್ಟು, ಕಬ್ಬಿನ ರವದಿ ಅಥವಾ ಕತ್ತರಿಸಿದ ಜೋಳದ ಕಣಿಕೆ ಹರಡಿ. ಬುಡಕ್ಕೆ ಮಾತ್ರ ತಾಗದಿರಲಿ. ಬಿಸಿಲು ಹೀರಿ ರಾತ್ರಿಯೂ ಕಾವು ಬಿಡುವ ಪಡುವಣ ಗೋಡೆಯ ಪಕ್ಕ ಇಡಬೇಡಿ. ಮೊದಲ ವರ್ಷದ ಸಸಿಗೆ ಹನ್ನೆರಡರಿಂದ ನಾಲ್ಕರವರೆಗೆ ಹಸಿರು ಪರದೆಯ ನೆರಳು ಬೇಕು.

ಚಳಿಗಾಲದಲ್ಲಿ ಗಿಡ ಸುಮ್ನೆ ನಿಂತುಬಿಡುತ್ತದೆ. ಚಿಗುರು ಬರುವುದಿಲ್ಲ, ಕೆಳಗಿನ ಎಲೆ ಹಳದಿಯಾಗಿ ಉದುರುತ್ತದೆ. ಇದು ರೋಗವಲ್ಲ. ಗಾಬರಿಯಾಗಿ ಗೊಬ್ಬರ, ನೀರು ಸುರಿಯುವುದೇ ಆಗ ದೊಡ್ಡ ಅಪಾಯ.

ನೀರು: ಯಾವಾಗ, ಯಾವುದು

ದಿನ ಎಣಿಸಿ ನೀರು ಹಾಕಬೇಡಿ. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ ನೋಡಿ. ಅಲ್ಲಿ ಒಣಗಿದ್ದರೆ ತಳದ ತೂತಿನಿಂದ ನೀರು ಹೊರಬರುವವರೆಗೆ ನಿಧಾನಕ್ಕೆ ಹಾಕಿ. ತೇವ ಇದ್ದರೆ ಬಿಡಿ. ಅಂದಾಜಿಗೆ ಹೇಳುವುದಾದರೆ ಬೇಸಿಗೆಯಲ್ಲಿ ದಿನಾ ಅಥವಾ ದಿನ ಬಿಟ್ಟು ದಿನ, ಚಳಿಗಾಲದಲ್ಲಿ ವಾರಕ್ಕೊಮ್ಮೆ ಬೇಕಾಗುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಹಾಕಿ. ಮಾಳಿಗೆಯ ಪೈಪಿನಲ್ಲಿ ಕಾದು ನಿಂತ ನೀರನ್ನು ಮೊದಲು ಹೊರಗೆ ಬಿಟ್ಟು, ತಣ್ಣಗಾದ ಮೇಲೆ ಗಿಡಕ್ಕೆ ಹಿಡಿಯಿರಿ.

ಗಿಡ ಬಾಡಿದ ಹೊತ್ತು ನೋಡಿದರೆ ಕಾರಣ ತಿಳಿಯುತ್ತದೆ. ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಂಡರೆ ಅದು ಬರೀ ಝಳ. ಬೆಳಿಗ್ಗೆಯೂ ಬಾಡಿದ್ದು ಮಣ್ಣು ಒಣಗಿದ್ದರೆ ನೀರಿನ ಕೊರತೆ. ಬೆಳಿಗ್ಗೆಯೇ ಬಾಡಿದ್ದು ಮಣ್ಣು ಹಸಿಯಿದ್ದು ವಾಸನೆ ಬಂದರೆ ಬೇರು ಕೊಳೆಯುತ್ತಿದೆ. ಈ ಮೂರನೆಯದರಲ್ಲಿ ಇನ್ನಷ್ಟು ನೀರು ಹಾಕಿದರೆ ಗಿಡ ಉಳಿಯುವುದಿಲ್ಲ.

ಎಷ್ಟು ನೀರು ಅನ್ನುವಷ್ಟೇ ಮುಖ್ಯ, ಎಂಥ ನೀರು ಅನ್ನುವುದು. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದ್ದರೆ, ನಿಮ್ಮ ಬೋರ್ ನೀರಿನ ಸುಣ್ಣ ಮಣ್ಣಿಗೂ ಸೇರುತ್ತಿದೆ ಎಂದರ್ಥ. ಎಷ್ಟೇ ಒಳ್ಳೆಯ ಕೆಂಪು ಮಣ್ಣು ಹಾಕಿದ್ದರೂ ಒಂದೆರಡು ವರ್ಷದಲ್ಲಿ ಅದೂ ಸುಣ್ಣದ ಮಣ್ಣೇ ಆಗುತ್ತದೆ. ನಲ್ಲಿಯಲ್ಲಿ ಹೊಳೆಯ ನೀರು ಬರುತ್ತಿದ್ದರೆ ಅದನ್ನೇ ಕೊಡಿ. ಮಳೆ ನೀರು ಎಲ್ಲಕ್ಕಿಂತ ಉತ್ತಮ, ಮಾಳಿಗೆಯ ನೀರನ್ನು ಒಂದು ಡ್ರಮ್‌ಗೆ ಹಿಡಿದಿಡಿ. ಎಸಿಯಿಂದ ತೊಟ್ಟಿಕ್ಕುವ ನೀರೂ ಆದೀತು. ಆದರೆ ಆರ್‌ಒ ಯಂತ್ರದಿಂದ ಹೊರಹೋಗುವ ನೀರು ಬೇಡ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ.

ಬೋರ್ ನೀರೊಂದೇ ಗತಿ ಅನ್ನುವವರು ತಿಂಗಳಿಗೊಮ್ಮೆ ಎಂದಿಗಿಂತ ಎರಡು ಪಟ್ಟು ನೀರು ಹಾಕಿ, ತಳದಿಂದ ಧಾರಾಳವಾಗಿ ಹರಿಯಲು ಬಿಡಿ. ಕೂಡಿದ ಉಪ್ಪು ಸ್ವಲ್ಪವಾದರೂ ತೊಳೆದು ಹೋಗುತ್ತದೆ. ಕೆಳಗೆ ತಟ್ಟೆ ಇಟ್ಟಿದ್ದರೆ ಅದರ ನೀರನ್ನು ಚೆಲ್ಲಿ.

ಹಳದಿ ಎಲೆ: ನಮ್ಮ ಓಣಿಯ ಒಂದು ಗಿಡ

ನಮ್ಮ ಓಣಿಯ ಒಬ್ಬ ಕಾಕು ಕರೆದು ತಮ್ಮ ಗಿಡ ತೋರಿಸಿದರು. "ಮಜ್ಜಿಗಿ ಹಾಕೀನಿ, ಬೂದಿ ಹಾಕೀನಿ, ಗೊಬ್ಬರಾನೂ ಹಾಕೀನಿ. ಆದ್ರೂ ಹಿಂಗ್ಯಾಕ ಐತಿ ನೋಡಪಾ" ಅಂದರು. ದೊಡ್ಡ ಡ್ರಮ್, ತುಂಬ ಎರಿ ಮಣ್ಣು, ಬೋರ್ ನೀರು. ಕೆಳಗಿನ ಹಳೆಯ ಎಲೆಗಳು ಹಸಿರಾಗಿದ್ದವು. ತುದಿಯ ಹೊಸ ಎಲೆಗಳು ಹಳದಿ, ಆದರೆ ನರಗಳು ಮಾತ್ರ ಹಸಿರು.

ಈ ಗುರುತೇ ಎಲ್ಲವನ್ನೂ ಹೇಳುತ್ತದೆ. ಹೊಸ ಎಲೆ ಹಳದಿಯಾಗಿ ನರ ಹಸಿರು ಉಳಿದರೆ ಕಬ್ಬಿಣ ಸಿಗುತ್ತಿಲ್ಲ. ಹಳೆಯ ಎಲೆ ಮೊದಲು, ನರ ಸಹಿತ ಹಳದಿಯಾದರೆ ಸಾರಜನಕ ಸಾಲದು, ಅದಕ್ಕೆ ಗೊಬ್ಬರವೇ ಮದ್ದು. ಕಾಕು ಅವರ ಗಿಡಕ್ಕೆ ಗೊಬ್ಬರದ ಕೊರತೆ ಇರಲಿಲ್ಲ. ಮೇಲೆ ಹಾಕಿದ ಬೂದಿ ತೊಂದರೆಯನ್ನು ಹೆಚ್ಚಿಸಿತ್ತು. ಒಲೆಯ ಬೂದಿ, ಮೊಟ್ಟೆಯ ಸಿಪ್ಪೆ, ಸುಣ್ಣ ಇವೆಲ್ಲ ಹುಳಿ ಮಣ್ಣಿನ ಊರುಗಳಿಗೆ ಸರಿ, ನಮ್ಮಲ್ಲಿ ಬೇಡವೇ ಬೇಡ. ಹುಳಿ ಮಜ್ಜಿಗೆಯಿಂದ ಕೆಡುಕಿಲ್ಲ. ಉಪ್ಪು ಹಾಕದ್ದನ್ನು ಐದು ಪಟ್ಟು ನೀರಿಗೆ ಬೆರೆಸಿ ತಿಂಗಳಿಗೊಮ್ಮೆ ಒಂದು ಲೀಟರ್ ಕೊಡಬಹುದು. ಆದರೆ ಡ್ರಮ್ ತುಂಬ ಸುಣ್ಣದ ಮಣ್ಣು ಇರುವಾಗ ಮಜ್ಜಿಗೆಯ ಹುಳಿ ಯಾವ ಲೆಕ್ಕಕ್ಕೆ?

ಆಗ ಬೇಸಿಗೆ ಇನ್ನೂ ಮುಗಿದಿರಲಿಲ್ಲ, ಬೇರು ಕದಡುವಂತಿರಲಿಲ್ಲ. ಮೊದಲು ಎಲೆಯ ಮೂಲಕವೇ ಕಬ್ಬಿಣ ಕೊಟ್ಟೆವು. ಅನ್ನಭೇದಿ, ಅಂದರೆ ಅಂಗಡಿಯಲ್ಲಿ ಸಿಗುವ ಫೆರಸ್ ಸಲ್ಫೇಟ್, ಒಂದು ಲೀಟರ್ ನೀರಿಗೆ 5 ಗ್ರಾಂ. ಅದಕ್ಕೆ ಅರ್ಧ ಲಿಂಬೆಹಣ್ಣಿನ ರಸ. ಬೋರ್ ನೀರಲ್ಲಿ ಕಲಸಿದರೆ ಕಂದಾಗಿ ಕೆಡುತ್ತದೆ, ಆದ್ದರಿಂದ ಮಳೆ ನೀರು ಅಥವಾ ಎಸಿ ನೀರು ಬಳಸಬೇಕು. ಕಲಸಿದ ಕೂಡಲೇ, ಸಂಜೆ ಹೊತ್ತಿಗೆ ಸಿಂಪಡಿಸಬೇಕು. ಮೊದಲು ಒಂದೇ ಕೊಂಬೆಗೆ ಹೊಡೆದು ಎರಡು ದಿನ ಕಾದೆವು. ಎಲೆ ಸುಡಲಿಲ್ಲ. ಆಮೇಲೆ ಇಡೀ ಗಿಡಕ್ಕೆ, ಹತ್ತು ದಿನದ ಅಂತರದಲ್ಲಿ ಮೂರು ಸಲ. ಸಿಂಪಡಿಸಿದ ಎಲೆಗಳನ್ನು ಅಡುಗೆಗೆ ಬಳಸಬೇಡಿ ಎಂದು ಹೇಳಿದೆ. ಹಳದಿಯಾಗಿದ್ದ ಎಲೆಗಳ ಮೇಲೆ ಹಸಿರು ಚುಕ್ಕೆ ಮೂಡಿತು, ಪೂರ್ತಿ ಹಸಿರಾಗಲಿಲ್ಲ. ಆಮೇಲೆ ಬಂದ ಚಿಗುರು ಹಸಿರಾಗಿಯೇ ಬಂತು.

ಇದು ತಾತ್ಕಾಲಿಕ ಉಪಾಯ ಅಷ್ಟೇ. ಅನ್ನಭೇದಿಯನ್ನು ಸುಣ್ಣದ ಮಣ್ಣಿಗೆ ಹಾಕಿದರೆ ಬೇಗನೆ ಕಟ್ಟಿಹೋಗಿ ಬೇರಿಗೆ ಸಿಗುವುದಿಲ್ಲ. ಮಣ್ಣಿಗೇ ಕೊಡುವುದಾದರೆ ಚಿಲೇಟ್ ರೂಪದ ಕಬ್ಬಿಣ ಬೇಕು. ಅದರಲ್ಲೂ ಇಡಿಡಿಎಚ್‌ಎ ಎಂಬುದನ್ನೇ ಕೇಳಿ ತನ್ನಿ. ಅಗ್ಗಕ್ಕೆ ಸಿಗುವ ಇಡಿಟಿಎ ಕ್ಷಾರದ ಮಣ್ಣಿನಲ್ಲಿ ನಿಲ್ಲುವುದಿಲ್ಲ. ನಿಜವಾದ ಪರಿಹಾರ ಮಣ್ಣು ಬದಲಾಯಿಸುವುದು. ಜೂನ್‌ನಲ್ಲಿ ಎರಡು ಮಳೆಯಾದ ಮೇಲೆ ಕಾಕು ಅವರ ಗಿಡವನ್ನು ಹೊರತೆಗೆದು, ಗಡ್ಡೆಯ ಹೊರಗಿನ ಎರಿ ಮಣ್ಣನ್ನು ನೀರು ಹಿಡಿದು ಮೆಲ್ಲಗೆ ಬಿಡಿಸಿ, ಕೆಂಪು ಮಣ್ಣಿನ ಮಿಶ್ರಣದಲ್ಲಿ ಕೂರಿಸಿದೆವು.

ಗೊಬ್ಬರದ ಮಾತು ಚಿಕ್ಕದು. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ ಸಾಕು. ಇಲ್ಲವೇ 100 ಗ್ರಾಂ ಶೇಂಗಾ ಹಿಂಡಿಯನ್ನು ಮೂರು ದಿನ ನೆನೆಸಿ, ಸೋಸಿ, ಹತ್ತು ಪಟ್ಟು ನೀರು ಬೆರೆಸಿ ಕೊಡಿ. ಚಳಿಗಾಲದಲ್ಲಿ ಏನೂ ಬೇಡ.

ಎಲೆ ಕೀಳುವುದೂ ಸವರುವುದೂ ಒಂದೇ ಕೆಲಸ

ನಾವು ಒಂದು ಎಲೆ ಅಂದುಕೊಳ್ಳುವುದು ನಿಜಕ್ಕೂ ಎಲೆಯ ಒಂದು ತುಣುಕು. ಸಾಲಾಗಿ ತುಣುಕುಗಳಿರುವ ಆ ಇಡೀ ಕಡ್ಡಿಯೇ ಒಂದು ಎಲೆ. ಒಗ್ಗರಣೆಗೆ ನಾಲ್ಕು ತುಣುಕು ಬಿಡಿಸಿಕೊಂಡು ಹೋದರೆ ಆ ಕಡ್ಡಿ ಮತ್ತೆ ತುಂಬುವುದಿಲ್ಲ, ಒಣಗಿ ಬೀಳುತ್ತದೆ. ಇಡೀ ಕಡ್ಡಿಯನ್ನು ಬುಡದಿಂದ ಮುರಿದರೂ ತುದಿಯ ಮೊಗ್ಗು ಹಾಗೇ ಇರುವುದರಿಂದ ಗಿಡ ಮೇಲಕ್ಕೇ ಓಡುತ್ತದೆ. ಪ್ರತಿ ಎಲೆಯ ಕಂಕುಳಲ್ಲಿ ಒಂದು ಮೊಗ್ಗು ಮಲಗಿರುತ್ತದೆ. ತುದಿ ಇರುವವರೆಗೆ ಅದು ಏಳುವುದು ಕಡಿಮೆ. ತುದಿ ಕತ್ತರಿಸಿದರೆ ಅದರ ಕೆಳಗಿನ ಎರಡು ಮೂರು ಮೊಗ್ಗುಗಳು ಕೊಂಬೆಗಳಾಗುತ್ತವೆ. ಹಾಗಾಗಿ ಅಡುಗೆಗೆ ಬೇಕಾದಾಗ ಕೊಂಬೆಯ ತುದಿಯನ್ನೇ ಮೂರು ನಾಲ್ಕು ಕಡ್ಡಿ ಸಹಿತ ಕತ್ತರಿಸಿ ತನ್ನಿ. ಪ್ರತಿ ಸಲ ಬೇರೆ ಕೊಂಬೆಯಿಂದ ತೆಗೆಯಿರಿ.

ಮೊದಲ ಕತ್ತರಿ ಗಿಡ ಎರಡಡಿ ದಾಟಿದಾಗ. ಮನಸ್ಸು ಗಟ್ಟಿ ಮಾಡಿಕೊಂಡು ಕುಂಡದ ಮಣ್ಣಿನಿಂದ ಸುಮಾರು ಒಂದೂಕಾಲು ಅಡಿ ಎತ್ತರಕ್ಕೆ ಕತ್ತರಿಸಿ. ಎಲೆ ಹುಟ್ಟುವ ಗಿಣ್ಣಿನ ಮೇಲೆ ಕಾಲು ಇಂಚು ಬಿಟ್ಟು, ಹರಿತವಾದ ಕತ್ತರಿಯಿಂದ, ಸ್ವಲ್ಪ ಓರೆಯಾಗಿ. ಕತ್ತರಿಸಿದ ಜಾಗದ ಕೆಳಗೆ ಕೆಲವು ಎಲೆ ಉಳಿದಿರಲಿ. ಹೊಸ ಕೊಂಬೆಗಳು ಗೇಣುದ್ದ ಆದಾಗ ಅವುಗಳ ತುದಿಯನ್ನೂ ಚಿವುಟಿ. ಹೀಗೆ ಐದಾರು ಕೊಂಬೆಯ ಪೊದೆ ನಿಂತರೆ ಮನೆಗೆ ಬೇಕಾದಷ್ಟು ಸಿಗುತ್ತದೆ.

ವರ್ಷದ ದೊಡ್ಡ ಸವರಿಕೆಗೆ ಸರಿಯಾದ ಹೊತ್ತು ಶಿವರಾತ್ರಿ. ಚಳಿ ಹೋಗಿ ಗಿಡ ಏಳುವ ಸಮಯ ಅದು. ತಿಕೋಟಾ ಕಡೆ ದ್ರಾಕ್ಷಿಯವರು ಚಾಟ್ನಿಗೆ ಕಾಲ ನೋಡುವಂತೆ ಇದಕ್ಕೂ ಕಾಲ ನೋಡಬೇಕು. ಒಣಗಿದ, ಒಂದಕ್ಕೊಂದು ಉಜ್ಜುವ ಕೊಂಬೆ ಮೊದಲು ತೆಗೆಯಿರಿ. ಆಮೇಲೆ ಉಳಿದವನ್ನು ಮೂರನೇ ಒಂದು ಭಾಗ ಇಳಿಸಿ. ಮೇ ಬಿಸಿಲು ಬರುವ ಹೊತ್ತಿಗೆ ಚಿಗುರು ಬಲಿತಿರುತ್ತದೆ. ಏಪ್ರಿಲ್ ಕೊನೆಗೆ ಸವರಿದರೆ ಬರಿದಾದ ಕಾಂಡ ಬಿಸಿಲಿಗೆ ಸುಡುತ್ತದೆ. ಡಿಸೆಂಬರ್‌ನಲ್ಲಿ ಸವರಿದರೆ ಚಿಗುರೇ ಏಳುವುದಿಲ್ಲ. ಬೇಕಿದ್ದರೆ ಜುಲೈ ಮಳೆಯಲ್ಲಿ ಇನ್ನೊಮ್ಮೆ ಹಗುರವಾಗಿ ಸವರಬಹುದು. ತುದಿಯಲ್ಲಿ ಬಿಳಿ ಹೂಗೊಂಚಲು ಬಂದರೆ ಬೀಜ ಬೇಕಿಲ್ಲದವರು ಆಗಲೇ ಚಿವುಟಿ ಹಾಕಿ. ಹೂ ಬಿಟ್ಟ ಕೊಂಬೆ ಕಾಯಿಗೆ ದುಡಿಯುತ್ತದೆ, ಎಲೆಗೆ ಅಲ್ಲ.

ಸವರಿದ ಮೇಲೆ ಬರುವ ಎಳೆ ಚಿಗುರಿಗೆ ಕಾವಲು ಬೇಕು. ಕರಿಬೇವು ಲಿಂಬೆಯ ಕುಲದ ಗಿಡ, ಇಂಡಿ ತಾಲೂಕಿನ ಲಿಂಬೆ ತೋಟಗಳನ್ನು ಕಾಡುವ ಹುಳುಗಳೇ ಇದಕ್ಕೂ ಬರುತ್ತವೆ. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ಚಿಟ್ಟೆಯ ಮರಿಹುಳು, ಬೆಳೆದ ಮೇಲೆ ಹಸಿರಾಗುತ್ತದೆ. ಅದನ್ನು ಕೈಯಿಂದ ತೆಗೆದರೆ ಮುಗಿಯಿತು. ಚಿಗುರು ಮುರುಟಿ, ಬಿಳಿ ಮೇಣದ ಎಳೆ ಕಂಡರೆ ಅದು ರಸ ಹೀರುವ ಸಣ್ಣ ಹುಳು. ದೊಡ್ಡವು ಬಾಲ ಮೇಲೆತ್ತಿ ಓರೆಯಾಗಿ ಕೂರುತ್ತವೆ. ಮುರುಟಿದ ತುದಿ ಕತ್ತರಿಸಿ ದೂರ ಹಾಕಿ. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ನೀರು ಬೆರೆಸಿ ಸಂಜೆ ಹೊಡೆಯಿರಿ. ವಾರ ಬಿಟ್ಟು ಇನ್ನೊಮ್ಮೆ. ಆ ಎಲೆಗಳನ್ನು ಹತ್ತು ದಿನ ಅಡುಗೆಗೆ ತೆಗೆಯಬೇಡಿ, ತೆಗೆದಾಗ ಚೆನ್ನಾಗಿ ತೊಳೆಯಿರಿ.

ಎರಡು ಮೂರು ವರ್ಷಕ್ಕೊಮ್ಮೆ ಬೇರಿನ ಸವರಿಕೆ

ಹಾಕಿದ ನೀರು ಮೇಲೆಯೇ ನಿಂತರೆ, ತಳದ ತೂತಿನಿಂದ ಬೇರು ಇಣುಕಿದರೆ, ಗೊಬ್ಬರ ಕೊಟ್ಟರೂ ಚಿಗುರು ಗಿಡ್ಡವಾದರೆ ಕುಂಡ ಬೇರಿನಿಂದ ತುಂಬಿದೆ. ಜೂನ್‌ನಲ್ಲಿ ಮೋಡ ಕವಿದ ದಿನ ಇಬ್ಬರು ಸೇರಿ ಕುಂಡವನ್ನು ಅಡ್ಡ ಮಲಗಿಸಿ ಗಿಡ ಎಳೆಯಿರಿ. ಹರಿತವಾದ ಚಾಕುವಿನಿಂದ ಗಡ್ಡೆಯ ಸುತ್ತ ಮತ್ತು ಕೆಳಗೆ ಎರಡು ಇಂಚು ಕತ್ತರಿಸಿ ತೆಗೆಯಿರಿ. ಕಪ್ಪಾಗಿ ಮೆತ್ತಗಿರುವ ಬೇರನ್ನೂ ತೆಗೆಯಿರಿ. ಬೇರು ಎಷ್ಟು ಹೋಯಿತೋ ಅಷ್ಟೇ ಅಂದಾಜಿನಲ್ಲಿ ಮೇಲಿನ ಕೊಂಬೆಯನ್ನೂ ಇಳಿಸಿ. ಹೊಸ ಮಿಶ್ರಣ ತುಂಬಿ, ಸಂದಿ ಉಳಿಯದಂತೆ ಕೋಲಿನಿಂದ ಮೆಲ್ಲಗೆ ತಿವಿದು, ನೀರು ಕೊಟ್ಟು ಎರಡು ವಾರ ನೆರಳಿನಲ್ಲಿಡಿ. ಚಿಗುರು ಕಾಣುವವರೆಗೆ ಹಿಂಡಿ ನೀರು, ಎರೆಗೊಬ್ಬರ ಯಾವುದೂ ಬೇಡ.